ಮೊದಲ ವರ್ಷ ಮಾಲೀಕರ ಸಂಬಳ ಎಷ್ಟಿರಬೇಕು? ಒಂದು ಎಣ್ಣೆ ಗಾಣದ ಲೆಕ್ಕ

ನೌಕರಿ ಬಿಟ್ಟು ಸ್ವಂತ ವ್ಯಾಪಾರಕ್ಕೆ ಇಳಿದವರು ತಮ್ಮ ಸಂಬಳವನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಗೊತ್ತುಮಾಡಿಕೊಳ್ಳುತ್ತಾರೆ. ಕೆಲವರು ಹಿಂದಿನ ಕೆಲಸದಲ್ಲಿ ಎಷ್ಟು ಬರುತ್ತಿತ್ತೋ ಅಷ್ಟನ್ನೇ ಇಲ್ಲಿಯೂ ತೆಗೆಯುತ್ತಾರೆ. ಉಳಿದವರು ಏನನ್ನೂ ಗೊತ್ತುಮಾಡದೆ ಮನೆಗೆ ಬೇಕಾದಾಗಲೆಲ್ಲ ಗಲ್ಲಾಕ್ಕೆ ಕೈ ಹಾಕುತ್ತಾರೆ. ಮೊದಲನೆಯವರ ಹಳೇ ಸಂಬಳಕ್ಕೂ ಹೊಸ ವ್ಯಾಪಾರಕ್ಕೂ ಯಾವ ಸಂಬಂಧವೂ ಇಲ್ಲ. ಎರಡನೆಯವರಿಗೆ ತಾವು ತಿಂದದ್ದು ಲಾಭವೋ ಬಂಡವಾಳವೋ ಎಂದು ವರ್ಷ ಕಳೆದರೂ ತಿಳಿಯುವುದಿಲ್ಲ.

ಸರಿಯಾದ ಮೊತ್ತವನ್ನು ಒಂದು ಸಂಜೆ ಕೂತು ಲೆಕ್ಕ ಹಾಕಿ ಕಂಡುಕೊಳ್ಳಬಹುದು. ಅದಕ್ಕೆ ತುಮಕೂರಿನಂಥ ಊರಿನಲ್ಲಿ ಏಪ್ರಿಲ್‌ನಲ್ಲಿ ಶುರುವಾಗುವ ಒಂದು ಕಡಲೆಕಾಯಿ ಎಣ್ಣೆ ಗಾಣವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಮೋಟಾರಿನಿಂದ ತಿರುಗುವ ಮರದ ಗಾಣ ಒಂದು, ಮುಂದೆ ಸಣ್ಣ ಅಂಗಡಿ, ಕೆಲಸಕ್ಕೆ ಒಬ್ಬ ಆಳು, ಮಾಲೀಕರು ಒಬ್ಬರೇ. ದರಗಳೆಲ್ಲ ಲೆಕ್ಕಕ್ಕೆಂದು ಹಿಡಿದವು, ಅವುಗಳ ಜಾಗದಲ್ಲಿ ನಿಮ್ಮೂರಿನ ದರ ಹಾಕಿಕೊಳ್ಳಿ.

ಹೆಜ್ಜೆ 1: ಮನೆಗೆ ಎಷ್ಟು ಕಡಿಮೆ ಬೀಳುತ್ತದೆ?

ಮೊದಲು ಕೂಡಬೇಕಾದ್ದು ಮನೆಯ ಖರ್ಚು, ಅದೂ ತಿಂಗಳದ್ದಲ್ಲ, ಇಡೀ ವರ್ಷದ್ದು. ತಿಂಗಳ ಖರ್ಚನ್ನಷ್ಟೇ ಬರೆದರೆ ಜೂನ್‌ನ ಶಾಲಾ ಫೀಸು, ವಿಮೆಯ ಕಂತು, ಗೌರಿ ಗಣೇಶ, ದೀಪಾವಳಿ, ಊರ ಜಾತ್ರೆ, ನೆಂಟರ ಮದುವೆಯ ಮುಯ್ಯಿ ಎಲ್ಲ ಬಿಟ್ಟುಹೋಗುತ್ತವೆ. ಆಮೇಲೆ ಅವುಗಳ ದುಡ್ಡು ಅಂಗಡಿಯಿಂದಲೇ ಹೋಗುತ್ತದೆ. ವರ್ಷದ್ದನ್ನೆಲ್ಲ ಕೂಡಿ 12ರಿಂದ ಭಾಗಿಸಿ.

ನಮ್ಮ ಉದಾಹರಣೆಯ ಮನೆಯಲ್ಲಿ ದಿನಸಿ, ತರಕಾರಿ, ಹಾಲಿಗೆ 9,000, ಬಾಡಿಗೆ 7,500, ಕರೆಂಟು, ಗ್ಯಾಸು, ಫೋನಿಗೆ 1,800, ಶಾಲೆಯ ಪಾಲು 3,000, ಪೆಟ್ರೋಲು 1,500, ವಿಮೆ 1,700, ಔಷಧಿ ಮತ್ತು ಹಬ್ಬಕ್ಕೆ 1,500. ಒಟ್ಟು 26,000 ರೂಪಾಯಿ. ಮನೆಯಲ್ಲಿ ಇನ್ನೊಬ್ಬರ ದುಡಿಮೆಯಿಂದ 14,000 ಬರುತ್ತದೆ. ಹಾಗಾಗಿ ಗಾಣದಿಂದ ಬರಲೇಬೇಕಾದದ್ದು ತಿಂಗಳಿಗೆ 12,000.

ಗಾಣ ಈ 12,000 ಕೊಡುತ್ತದೆ ಎಂದು ಇನ್ನೂ ಗೊತ್ತಾಗಿಲ್ಲ. ಇದು ಮನೆಯ ಬೇಡಿಕೆ ಮಾತ್ರ. ಮನೆಯಲ್ಲಿ ಚೀಟಿ ಕಟ್ಟುತ್ತಿದ್ದರೆ ಈ ಹಂತದಲ್ಲೇ ಅದನ್ನು ನಿಲ್ಲಿಸುವುದೋ ಮುಂದುವರಿಸುವುದೋ ತೀರ್ಮಾನಿಸಿ. ಚೀಟಿ ಉಳಿತಾಯ ನಿಜ, ಆದರೆ ಅದರ ತಿಂಗಳ ಕಂತು ಅಂಗಡಿಯ ಪಾಲಿಗೆ ಇನ್ನೊಂದು ಸಾಲದ ಕಂತೇ.

ಹೆಜ್ಜೆ 2: ಒಂದು ಲೀಟರಿನಲ್ಲಿ ಉಳಿಯುವುದೆಷ್ಟು?

ಒಂದು ಲೀಟರ್ ಎಣ್ಣೆಗೆ ಸುಮಾರು 2.4 ಕೆಜಿ ಕಡಲೆಬೀಜ ಬೇಕು ಎಂದುಕೊಳ್ಳೋಣ. ಕೆಜಿಗೆ 115 ರೂಪಾಯಿಯಂತೆ ಬೀಜಕ್ಕೆ 276. ಬಾಟಲಿ, ಲೇಬಲ್ಲಿಗೆ 12. ಒಟ್ಟು 288 ಖರ್ಚು. ಬರುವ ಕಡೆ ಎಣ್ಣೆಗೆ 320 ರೂಪಾಯಿ, ಜೊತೆಗೆ ಉಳಿಯುವ 1.4 ಕೆಜಿ ಹಿಂಡಿಗೆ ಕೆಜಿಗೆ 43ರಂತೆ ಸುಮಾರು 60. ಒಟ್ಟು 380. ಲೀಟರಿಗೆ ಉಳಿಯುವುದು 92 ರೂಪಾಯಿ.

ಈ 92ರಲ್ಲಿ ಹಿಂಡಿಯ 60 ಸೇರಿದೆ ಎಂಬುದನ್ನು ಗಮನಿಸಿ. ಹಿಂಡಿಯನ್ನು ಹಸು ಸಾಕಿದವರು ಬಂದು ನಗದು ಕೊಟ್ಟು ಒಯ್ಯುತ್ತಾರೆ. ಅದಕ್ಕೆ ಬಿಲ್ಲು ಇರುವುದಿಲ್ಲ, ಕ್ಯೂಆರ್ ಕೋಡೂ ಇರುವುದಿಲ್ಲ. ‘ಎಣ್ಣೆ ದುಡ್ಡು ವ್ಯಾಪಾರಕ್ಕೆ, ಹಿಂಡಿ ದುಡ್ಡು ಮನೆಗೆ’ ಎಂದು ಲೆಕ್ಕವಿಲ್ಲದೆ ಜೇಬಿಗೆ ಹಾಕಿಕೊಂಡರೆ ಲೀಟರಿಗೆ ಉಳಿಯುವುದು 32 ಮಾತ್ರ. ಗಾಣಗಳು ಸೊರಗುವುದಕ್ಕೆ ಹಿಂಡಿ ದುಡ್ಡು ದೊಡ್ಡ ಕಾರಣ. ನಿಮ್ಮ ವ್ಯಾಪಾರ ಬೇರೆಯಾದರೆ ಅಲ್ಲಿಯೂ ಇಂಥ ಒಂದು ನಗದು ಮೂಲ ಇರುತ್ತದೆ: ಗ್ಯಾರೇಜಿನಲ್ಲಿ ಹಳೇ ಆಯಿಲ್ ಮತ್ತು ಗುಜರಿ, ದಿನಸಿ ಅಂಗಡಿಯಲ್ಲಿ ಖಾಲಿ ಡಬ್ಬ, ಚೀಲ. ಅದನ್ನು ಹುಡುಕಿ ಲೆಕ್ಕದೊಳಗೆ ತನ್ನಿ.

ಹೆಜ್ಜೆ 3: ಸಂಬಳವನ್ನು ಲೀಟರಿಗೆ ಬದಲಿಸಿ

ಎಣ್ಣೆ ಮಾರಿದರೂ ಮಾರದಿದ್ದರೂ ಪ್ರತಿ ತಿಂಗಳು ಹೋಗುವ ಖರ್ಚು ಇಷ್ಟು: ಬಾಡಿಗೆ 9,000, ಆಳಿನ ಸಂಬಳ 14,000, ಕರೆಂಟು 5,500, ಸಾಗಣೆ ಮತ್ತು ಫೋನು 3,000, ರಿಪೇರಿ 1,500. ಒಟ್ಟು 33,000. (ಓಡಿಸಿದಷ್ಟೂ ಕರೆಂಟು ಬಿಲ್ಲು ಏರುತ್ತದೆ ನಿಜ, ಲೆಕ್ಕ ಸರಳವಾಗಲೆಂದು ಸರಾಸರಿ ಹಿಡಿದಿದ್ದೇವೆ.) ಇದರ ಮೇಲೆ ಬ್ಯಾಂಕಿನ ಕಂತು. 4 ಲಕ್ಷ ಸಾಲ, ಶೇ 11 ಬಡ್ಡಿ, 5 ವರ್ಷ ಎಂದರೆ ತಿಂಗಳಿಗೆ ಸುಮಾರು 8,700. ಎಲ್ಲ ಸೇರಿ 41,700.

ಇದನ್ನು 92ರಿಂದ ಭಾಗಿಸಿದರೆ 453. ಅಂದರೆ ತಿಂಗಳಿಗೆ 453 ಲೀಟರ್ ಮಾರುವವರೆಗೆ ಗಾಣ ತನ್ನ ಖರ್ಚನ್ನೇ ತಾನು ಹೊರಲಾರದು, ಮಾಲೀಕರ ಸಂಬಳದ ಮಾತು ಆಮೇಲೆ. ಮೇಲಿನ 12,000 ತೆಗೆಯಬೇಕಾದರೆ 584 ಲೀಟರ್ ಮಾರಬೇಕು. ಹಿಂದಿನ ನೌಕರಿಯಲ್ಲಿ 32,000 ಬರುತ್ತಿದ್ದರೆ ಅದನ್ನೇ ಇಲ್ಲಿ ತೆಗೆಯಲು ಸುಮಾರು 801 ಲೀಟರ್.

ಹೀಗೆ ಬದಲಿಸಿದ ಮೇಲೆ ಮಾತು ಸುಲಭವಾಗುತ್ತದೆ. ಸಂಬಳಕ್ಕೆ ಸೇರಿಸುವ ಪ್ರತಿ 1,000 ರೂಪಾಯಿಗೂ ತಿಂಗಳಿಗೆ 11 ಲೀಟರ್ ಹೆಚ್ಚು ಮಾರಬೇಕು. ‘ಇನ್ನೊಂದು 5,000 ತೆಗೆಯೋಣವೇ’ ಎಂಬ ಪ್ರಶ್ನೆ ‘ಇನ್ನೂ 55 ಲೀಟರ್ ಯಾರಿಗೆ ಮಾರುತ್ತೀರಿ’ ಎಂದಾಗುತ್ತದೆ. ಮನೆಯವರ ಮುಂದೆ ವಿವರಿಸುವಾಗಲೂ ಲೀಟರ್ ಲೆಕ್ಕವೇ ಬೇಗ ತಲೆಗೆ ಹತ್ತುವುದು.

ಹೆಜ್ಜೆ 4: ತಿಂಗಳು ತಿಂಗಳಿನ ಮಾರಾಟ ಬರೆಯಿರಿ

ವರ್ಷಕ್ಕೆ ಒಂದೇ ಅಂಕಿ ಹಾಕಬೇಡಿ. ಗಿರಾಕಿಗಳು ಒಬ್ಬೊಬ್ಬರಾಗಿ ಕೂಡುತ್ತಾರೆ. ಬ್ಯಾಂಕಿಗೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟಿನ ಮಾರಾಟದ ಅಂಕಿಯನ್ನೂ ಇಲ್ಲಿಗೆ ತರಬೇಡಿ, ಅದು ಸಾಲ ಮಂಜೂರಾಗಲೆಂದು ಬರೆದದ್ದು. ಕೆಳಗಿನ ಪಟ್ಟಿಯ ಕೊನೆಯ ಕಾಲಂ ಖರ್ಚು, ಕಂತು ಎಲ್ಲ ಕಳೆದು ಉಳಿಯುವ ಹಣ. ಮಾಲೀಕರ ಸಂಬಳವನ್ನು ಇದರಲ್ಲಿ ಇನ್ನೂ ಕಳೆದಿಲ್ಲ.

| ತಿಂಗಳು | ಮಾರಾಟ (ಲೀಟರ್) | ಉಳಿದದ್ದು (ರೂ.) |
|---|---|---|
| ಏಪ್ರಿಲ್ | 150 | −27,900 |
| ಮೇ | 220 | −21,460 |
| ಜೂನ್ | 300 | −14,100 |
| ಜುಲೈ | 360 | −8,580 |
| ಆಗಸ್ಟ್ | 420 | −3,060 |
| ಸೆಪ್ಟೆಂಬರ್ | 480 | 2,460 |
| ಅಕ್ಟೋಬರ್ | 530 | 7,060 |
| ನವೆಂಬರ್ | 580 | 11,660 |
| ಡಿಸೆಂಬರ್ | 620 | 15,340 |
| ಜನವರಿ | 660 | 19,020 |
| ಫೆಬ್ರವರಿ | 700 | 22,700 |
| ಮಾರ್ಚ್ | 720 | 24,540 |

ಮೊದಲ ಐದು ತಿಂಗಳಲ್ಲಿ 75,100 ಕೊರತೆ, ಮುಂದಿನ ಏಳು ತಿಂಗಳಲ್ಲಿ 1,02,780 ಉಳಿಕೆ. ವರ್ಷದ ಕೊನೆಗೆ ನಿಕ್ಕಿ ಉಳಿಯುವುದು 27,680. ತಿಂಗಳಿಗೆ ಹಂಚಿದರೆ 2,300 ರೂಪಾಯಿ. ಮೊದಲ ವರ್ಷ ಈ ಗಾಣ ತಾನೇ ದುಡಿದು ಕೊಡಬಲ್ಲ ಸಂಬಳ ಇಷ್ಟೇ. ಇದು ಕೆಟ್ಟ ವ್ಯಾಪಾರವಲ್ಲ. ಶೂನ್ಯದಿಂದ ಶುರುವಾಗಿ ವರ್ಷದೊಳಗೆ ತಿಂಗಳಿಗೆ 24,000 ಉಳಿಸುವ ಮಟ್ಟಕ್ಕೆ ಬಂದಿದೆ. ಹಾಗಿದ್ದರೂ ಮನೆಗೆ ಬೇಕಾದ 12,000ದಲ್ಲಿ ಹೆಚ್ಚಿನ ಪಾಲು ಮೊದಲೇ ಕೂಡಿಟ್ಟ ಹಣದಿಂದ ಬರಬೇಕು. ಹಾಗಾಗಿ ಮೊದಲ ವರ್ಷದ ಸಂಬಳವನ್ನು ಬಂಡವಾಳದ ಜೊತೆಗೇ, ಅಂಗಡಿ ತೆರೆಯುವ ಮುಂಚೆಯೇ ಹೊಂದಿಸಿಕೊಂಡಿರಬೇಕು.

ಹೆಜ್ಜೆ 5: ಬಂಡವಾಳದಲ್ಲಿ ಮುಟ್ಟಬಾರದ್ದನ್ನು ಬೇರ್ಪಡಿಸಿ

ನಮ್ಮ ಮಾಲೀಕರ ಬಳಿ 5 ಲಕ್ಷ ಸ್ವಂತ ಉಳಿತಾಯ, 4 ಲಕ್ಷ ಬ್ಯಾಂಕ್ ಸಾಲ. ಗಾಣ, ಮೋಟಾರು, ಎಣ್ಣೆ ಸೋಸುವ ಯಂತ್ರ, ಅಂಗಡಿಯ ಮುಂಗಡ, ಮೂರು ಫೇಸಿನ ಕರೆಂಟು, ಪರವಾನಗಿ ಎಲ್ಲ ಸೇರಿ 4,60,000 ಖರ್ಚಾಯಿತು. ಪಾಸ್‌ಬುಕ್ಕಿನಲ್ಲಿ 4,40,000 ಉಳಿದಿದೆ. ಬಹಳ ಜನ ಎಡವುವುದು ಇಲ್ಲೇ, ಏಕೆಂದರೆ ಈ ಮೊತ್ತ ನೋಡಲು ದೊಡ್ಡದು.

ಅದರಲ್ಲಿ ಮೂರು ಪಾಲು ಆಗಲೇ ಬೇರೆಡೆಗೆ ಮೀಸಲು. ಮೊದಲನೆಯದು ಮೇಲಿನ ಐದು ತಿಂಗಳ ಕೊರತೆ, ಸುಮಾರು 75,000. ಎರಡನೆಯದು ಬೀಜದ ದಾಸ್ತಾನು. ಏಪ್ರಿಲ್‌ನಲ್ಲಿ ಒಂದು ತಿಂಗಳ ಬೀಜಕ್ಕೆ 41,400 ಸಾಕು, ಮಾರ್ಚ್‌ನ 720 ಲೀಟರಿಗೆ ಸುಮಾರು 2 ಲಕ್ಷದ ಬೀಜ ಬೇಕು. ವ್ಯಾಪಾರ ಬೆಳೆದಷ್ಟೂ ದುಡ್ಡು ಚೀಲಗಳಲ್ಲಿ ಕೂರುತ್ತದೆ. ‘ಲಾಭ ಇದೆ ಅಂತೀರಿ, ಕೈಯಲ್ಲಿ ಕಾಸಿಲ್ಲ’ ಎಂದು ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಗೋಡೌನಿನಲ್ಲಿದೆ. ಮೂರನೆಯದು ಉದ್ರಿ. ಮೂರನೇ ಒಂದು ಪಾಲು ಎಣ್ಣೆ ಬೇರೆ ಅಂಗಡಿಗಳಿಗೆ ತಿಂಗಳ ಉದ್ರಿಯ ಮೇಲೆ ಹೋದರೆ ವರ್ಷದ ಕೊನೆಗೆ ಸುಮಾರು 77,000 ಹೊರಗಿರುತ್ತದೆ.

ಮೂರೂ ಸೇರಿ 3,52,000. ನಿಜಕ್ಕೂ ಕೈಗೆ ಸಿಗುವುದು 88,000.

ಹೆಜ್ಜೆ 6: ಸಂಬಳ ಕಳೆದು ನೋಡಿ, ತಗ್ಗು ಎಲ್ಲಿದೆ ಎಂದು ಹುಡುಕಿ

ಈಗ 88,000ದಿಂದ ಶುರುಮಾಡಿ ಪ್ರತಿ ತಿಂಗಳು 12,000 ಕಳೆಯಿರಿ. ಮೊದಲ ಐದು ತಿಂಗಳ ಕೊರತೆಯನ್ನು ಆಗಲೇ ತೆಗೆದಿಟ್ಟಿರುವುದರಿಂದ ಸಂಬಳ ಮಾತ್ರ ಹೋಗುತ್ತದೆ: ಆಗಸ್ಟ್ ಕೊನೆಗೆ 28,000. ಸೆಪ್ಟೆಂಬರಿನಿಂದ ಪಟ್ಟಿಯ ಉಳಿಕೆ ಸೇರಿಸಿ ಸಂಬಳ ಕಳೆಯುತ್ತಾ ಹೋದರೆ ನವೆಂಬರ್ ಕೊನೆಗೆ 13,180, ಮಾರ್ಚ್ ಕೊನೆಗೆ 46,780.

ವರ್ಷದ ಕೊನೆಯ ಅಂಕಿ ಚೆನ್ನಾಗಿದೆ, ಒಂದು ತಿಂಗಳ ಖರ್ಚು ಮತ್ತು ಕಂತನ್ನು ಮೀರುವಷ್ಟು ಕೈಯಲ್ಲಿದೆ. ಆದರೆ ನೋಡಬೇಕಾದ್ದು ನವೆಂಬರಿನ ಅಂಕಿ. ಇಡೀ ವರ್ಷದಲ್ಲಿ ಕೈ ಅತಿ ಬಿಗಿಯಾಗುವುದು ನಷ್ಟದ ಏಪ್ರಿಲ್‌ನಲ್ಲಲ್ಲ, ಉಳಿಕೆ ಕಾಣಿಸತೊಡಗಿದ ಮೇಲೆ, ಎಂಟನೇ ತಿಂಗಳಲ್ಲಿ. ಅದೇ ಹೊತ್ತಿಗೆ ಮುಂಗಾರಿನ ಕಡಲೆಕಾಯಿ ಕೊಯ್ಲಾಗಿ ಮಂಡಿಗೆ ಬಂದಿರುತ್ತದೆ, ನಗದು ಇದ್ದವರು ಒಳ್ಳೆಯ ಬೀಜ ಆರಿಸಿ ತುಂಬಿಕೊಳ್ಳುತ್ತಾರೆ. ಏಪ್ರಿಲ್, ಮೇನಲ್ಲಿ ಪಾಸ್‌ಬುಕ್ಕಿನಲ್ಲಿ ಲಕ್ಷಗಟ್ಟಲೆ ಕಾಣುವಾಗ ಸಂಬಳ ಏರಿಸಿಕೊಂಡವರು ನವೆಂಬರಿನಲ್ಲಿ ಬೀಜ ಕೊಳ್ಳಲಾಗದೆ ನಿಲ್ಲುತ್ತಾರೆ.

12,000ದ ಬದಲು 20,000 ತೆಗೆದರೆ ಏನಾಗುತ್ತದೆ ಎಂದೂ ಅದೇ ಹಾಳೆಯಲ್ಲಿ ನೋಡಬಹುದು. ಆಗಸ್ಟ್ ಕೊನೆಗೇ ಲೆಕ್ಕ ಸೊನ್ನೆಗಿಂತ 12,000 ಕೆಳಗೆ ಹೋಗುತ್ತದೆ, ಜನವರಿಗೆ 56,460 ಕೆಳಗೆ. ಅಷ್ಟು ಹಣ ಬೀಜದ ಪಾಲಿನಿಂದ ಹೋಗಿರುತ್ತದೆ, ಅಂದರೆ ಸುಮಾರು 490 ಕೆಜಿ ಬೀಜ, 204 ಲೀಟರ್ ಎಣ್ಣೆ. ಬ್ಯಾಂಕಿನಲ್ಲಿ ದುಡ್ಡು ಇನ್ನೂ ಕಾಣುವುದರಿಂದ ಈ ಸೋರಿಕೆ ಬೇಗ ಗೊತ್ತಾಗುವುದಿಲ್ಲ. ಗೊತ್ತಾಗುವ ಚಿಹ್ನೆಗಳು ಬೇರೆ: ಹತ್ತು ಚೀಲ ತರುತ್ತಿದ್ದವರು ನಾಲ್ಕು ನಾಲ್ಕು ಚೀಲ ತರತೊಡಗುತ್ತಾರೆ, ಬೀಜದ ವ್ಯಾಪಾರಿಯ ಬಳಿ ಉದ್ರಿ ಹೇಳುತ್ತಾರೆ, ಉದ್ರಿಗೆ ಕೆಜಿಗೆ ಎರಡು ಮೂರು ರೂಪಾಯಿ ಹೆಚ್ಚು ತೆರುತ್ತಾರೆ, ಕೊನೆಗೆ ‘ಎಣ್ಣೆ ನಾಳೆ ಬನ್ನಿ’ ಎಂದು ಗಿರಾಕಿಯನ್ನು ಕಳಿಸುತ್ತಾರೆ. ಇವುಗಳಲ್ಲಿ ಎರಡು ಕಂಡರೂ ಸಂಬಳ ಜಾಸ್ತಿಯಾಗಿದೆ ಎಂದು ತಿಳಿಯಿರಿ.

ನಿಮ್ಮ ಹಾಳೆಯಲ್ಲಿ ಯಾವುದಾದರೂ ತಿಂಗಳು ಸೊನ್ನೆಗಿಂತ ಕೆಳಗೆ ಹೋದರೆ ಸಂಬಳ ಇಳಿಸಿ. ಇಳಿಸಲಾಗದಿದ್ದರೆ ಶುರುಮಾಡುವುದನ್ನು ಆರು ತಿಂಗಳು ಮುಂದೂಡಿ ಉಳಿತಾಯ ಹೆಚ್ಚಿಸಿಕೊಳ್ಳಿ, ಇಲ್ಲವೇ ಯಂತ್ರದ ಖರ್ಚು ತಗ್ಗಿಸಿ. ಸಂಬಳಕ್ಕೆಂದು ಕೈಸಾಲ ಮಾಡುವುದನ್ನು ನಾವಂತೂ ಒಪ್ಪುವುದಿಲ್ಲ.

ಹೆಜ್ಜೆ 7: ತೆಗೆಯುವ ರೀತಿ

ಅಂಗಡಿಯ ಹೆಸರಿನಲ್ಲಿ ಪ್ರತ್ಯೇಕ ಚಾಲ್ತಿ ಖಾತೆ ತೆರೆಯಿರಿ, ಕ್ಯೂಆರ್ ಕೋಡ್ ಆ ಖಾತೆಗೇ ಸೇರಿರಲಿ. ಹಿಂಡಿಯ ನಗದನ್ನೂ ವಾರಕ್ಕೊಮ್ಮೆ ಅದಕ್ಕೇ ಕಟ್ಟಿ. ಪ್ರತಿ ತಿಂಗಳು 5ನೇ ತಾರೀಕು, ಆಳಿನ ಸಂಬಳ ಮತ್ತು ಬ್ಯಾಂಕಿನ ಕಂತು ಹೋದ ಮೇಲೆ, 12,000ವನ್ನು ಒಂದೇ ಸಲ ಮನೆಯ ಖಾತೆಗೆ ವರ್ಗಾಯಿಸಿ. ಅಲ್ಲಿಂದಾಚೆ ಗಲ್ಲಾ ಮುಟ್ಟುವಂತಿಲ್ಲ.

ಮನೆಗೆ ಒಯ್ಯುವ ಎಣ್ಣೆಯನ್ನೂ ಬರೆಯಿರಿ. ತಿಂಗಳಿಗೆ 5 ಲೀಟರ್ ಮನೆಗೆ, 5 ಲೀಟರ್ ನೆಂಟರಿಗೆ ಹೋದರೆ ಮಾರುವ ಬೆಲೆಯಲ್ಲಿ 3,200. ಅದು ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು. ನಡುವೆ ಆಸ್ಪತ್ರೆಯ ಖರ್ಚು ಬಂದು ಅಂಗಡಿಯಿಂದ ತೆಗೆಯಲೇಬೇಕಾದರೆ ಅದನ್ನು ‘ಮುಂಗಡ’ ಎಂದು ಬರೆದು ಮುಂದಿನ ಸಂಬಳಗಳಲ್ಲಿ ಕಂತಿನಂತೆ ಹಿಡಿಯಿರಿ.

ಇನ್ನೊಂದು ಅಂಕಿಯನ್ನು ಪುಸ್ತಕದ ಅಂಚಿನಲ್ಲಿ ಬರೆದಿಡಿ: ನಿಮ್ಮ ಜಾಗಕ್ಕೆ ಬೇರೆಯವರನ್ನು ಇಟ್ಟಿದ್ದರೆ ಎಷ್ಟು ಕೊಡಬೇಕಿತ್ತು? 18,000 ಎಂದುಕೊಳ್ಳಿ. ಆ ಸಂಬಳ ಸೇರಿಸಿದರೆ ಗಾಣ 649 ಲೀಟರ್ ಮಾರಬೇಕು, ಅದು ಜನವರಿಗಷ್ಟೇ ಸಾಧ್ಯ. ಅಲ್ಲಿಯವರೆಗೆ ನಿಮ್ಮ ದುಡಿಮೆಯ ಒಂದು ಪಾಲು ಎಣ್ಣೆಯ ಬೆಲೆಯಲ್ಲಿ ಪುಕ್ಕಟೆ ಹೋಗುತ್ತಿದೆ. ಹೊಸಬರು ಪಕ್ಕದ ಗಾಣಕ್ಕಿಂತ 20 ರೂಪಾಯಿ ಕಡಿಮೆಗೆ ಮಾರಲು ಹೊರಡುವುದು ಈ ಅಂಕಿಯನ್ನು ಮರೆತಾಗಲೇ.

ತೆರಿಗೆ ಮತ್ತು ಕಾಗದಪತ್ರ

ಒಬ್ಬರೇ ಮಾಲೀಕರಾದರೆ ಕಾನೂನಿನ ಕಣ್ಣಿಗೆ ನೀವೂ ಅಂಗಡಿಯೂ ಒಂದೇ. ನೀವು ತೆಗೆದ ಹಣ ವ್ಯಾಪಾರದ ಖರ್ಚಲ್ಲ, ಲೆಕ್ಕದಲ್ಲಿ ಅದು ‘ಡ್ರಾಯಿಂಗ್ಸ್’. ಆದಾಯ ತೆರಿಗೆ ಬೀಳುವುದು ಲಾಭದ ಮೇಲೆ, ನೀವು 12,000 ತೆಗೆದರೂ 2,000 ತೆಗೆದರೂ ತೆರಿಗೆ ಬದಲಾಗುವುದಿಲ್ಲ. ಹಾಗೆಯೇ ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಆದ್ದರಿಂದ ಆಡಿಟರ್ ತೋರಿಸುವ ಲಾಭ ಮೇಲಿನ 27,680ಕ್ಕೆ ತಾಳೆಯಾಗುವುದಿಲ್ಲ, ಗಾಬರಿಬೇಡ.

ಪಾಲುದಾರಿಕೆಯಾದರೆ ಕೆಲಸ ಮಾಡುವ ಪಾಲುದಾರರ ಸಂಬಳ ಪತ್ರದಲ್ಲೇ ಬರೆದಿರಬೇಕು, ಬರೆಯದಿದ್ದರೆ ಅದು ಖರ್ಚಾಗಿ ಸಲ್ಲುವುದಿಲ್ಲ. ಬರೆದಿದ್ದರೂ ಮಿತಿಯುಂಟು: ಪುಸ್ತಕ ಲಾಭದ, ಅಂದರೆ ಪಾಲುದಾರರ ಸಂಬಳ ಕಳೆಯುವ ಮುಂಚಿನ ಲಾಭದ, ಮೊದಲ 6 ಲಕ್ಷಕ್ಕೆ 3 ಲಕ್ಷ ಅಥವಾ ಶೇ 90, ಯಾವುದು ಹೆಚ್ಚೋ ಅದು, ಉಳಿದದ್ದಕ್ಕೆ ಶೇ 60. 2025ರ ಏಪ್ರಿಲ್ 1ರಿಂದ, ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ಇತ್ಯಾದಿ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ಶೇ 10 ಟಿಡಿಎಸ್ ಹಿಡಿಯಬೇಕು. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರು ನಿರ್ದೇಶಕರ ಸಂಬಳಕ್ಕೆ ಮಂಡಳಿಯ ನಿರ್ಣಯ ಮಾಡಿಕೊಳ್ಳಬೇಕು. ಸಂಬಳ ಎನ್ನದೆ ಕಂಪನಿಯಿಂದ ‘ಸಾಲ’ವೆಂದು ತೆಗೆದರೆ ಅದನ್ನು ಡಿವಿಡೆಂಡ್ ಎಂದು ಪರಿಗಣಿಸಿ ತೆರಿಗೆ ಹಾಕುವ ಸಂದರ್ಭ ಬರಬಹುದು.

ಯಾವಾಗ ಏರಿಸುವುದು, ಯಾವಾಗ ಬೇಡ

ಮೂರು ತಿಂಗಳಿಗೊಮ್ಮೆ ಪಟ್ಟಿಯ ಅಂದಾಜಿನ ಪಕ್ಕದಲ್ಲಿ ನಿಜವಾದ ಲೀಟರ್ ಬರೆಯಿರಿ. ಏರಿಸಲು ಎರಡು ಷರತ್ತು: ಸತತ ಮೂರು ತಿಂಗಳು ಉಳಿಕೆ ಸಂಬಳವನ್ನು ಮೀರಿರಬೇಕು, ಒಂದು ತಿಂಗಳ ಖರ್ಚು ಮತ್ತು ಕಂತಿನಷ್ಟು, ಅಂದರೆ 41,700, ಮೀಸಲಾಗಿ ಕೈಯಲ್ಲಿರಬೇಕು. ನಮ್ಮ ಗಾಣದಲ್ಲಿ ಮೊದಲನೆಯದು ಫೆಬ್ರವರಿಗೇ ಈಡೇರುತ್ತದೆ, ಎರಡನೆಯದು ಮಾರ್ಚ್ ಕೊನೆಗೆ. ಕೊನೆಯ ಮೂರು ತಿಂಗಳ ಉಳಿಕೆಯ ಸರಾಸರಿ 22,000, ಸಂಬಳಕ್ಕಿಂತ 10,000 ಹೆಚ್ಚು. ಅದರಲ್ಲಿ ಅರ್ಧ ಮಾತ್ರ ಸಂಬಳಕ್ಕೆ ಸೇರಿಸಿ. ಎರಡನೇ ವರ್ಷದ ಏಪ್ರಿಲ್‌ನಿಂದ 17,000. ಉಳಿದರ್ಧ ಮುಂದಿನ ನವೆಂಬರಿನ ಬೀಜಕ್ಕೆ.

ಬೀಜದ ದರ ಏರಿದ ವರ್ಷ ಈ ಲೆಕ್ಕ ತಲೆಕೆಳಗಾಗುತ್ತದೆ. ಕೆಜಿಗೆ 10 ರೂಪಾಯಿ ಏರಿದರೆ ಲೀಟರಿಗೆ 24 ರೂಪಾಯಿ ಹೋಗಿ ಉಳಿಯುವುದು 68 ಮಾತ್ರ. ಆಗ ಸಂಬಳವಿಲ್ಲದೆ ಖರ್ಚು ಹೊರಲಿಕ್ಕೇ 613 ಲೀಟರ್ ಬೇಕು. ಎಣ್ಣೆಯ ಬೆಲೆ ಏರಿಸಿ, ಗಿರಾಕಿಗಳು ಆ ಬೆಲೆಗೆ ಒಂದು ತಿಂಗಳು ಕೊಂಡು, ಉಳಿಕೆ ಮತ್ತೆ 90ರ ಆಸುಪಾಸಿಗೆ ಬರುವವರೆಗೆ ಸಂಬಳವನ್ನು 12,000ದಲ್ಲೇ ಇಡಿ. 580 ಲೀಟರಿನ ಮಟ್ಟದಲ್ಲಿರುವಾಗಲೇ ದರ ಏರಿದರೆ ಆ ತಿಂಗಳು 8,000ಕ್ಕೆ ಇಳಿಸಿ, ಮನೆಯಲ್ಲಿ ಮುಂದೂಡಬಹುದಾದ ಖರ್ಚನ್ನು ಮುಂದೂಡಿ.